‘ಹೊಳಪು ಕಡಿಮೆ ಮಾಡಿ’ ಅಂತ ಬರೆದರೆ ಸಾಲದು

ಭುಜಕ್ಕೆ ಹಾಕುವ ಕಂದು ಚರ್ಮದ ಬ್ಯಾಗ್ ಅದು. ಜಾಹೀರಾತಿಗಾಗಿ ಎಐನಲ್ಲಿ ಮಾಡಿಸಿದ ಚಿತ್ರಗಳು ನನ್ನ ಬಳಿ ಬಂದವು. ಆಕಾರ, ಬಣ್ಣ, ಕೋನ ಎಲ್ಲ ಸರಿಯಾಗಿತ್ತು. ಆದರೆ ಬ್ಯಾಗ್ ಮಾತ್ರ ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದಂತೆ ಕಾಣುತ್ತಿತ್ತು. ಆರ್ಟ್ ಡೈರೆಕ್ಟರ್ ಆಗಿ ಚಿತ್ರ ಮಾಡಿದವರಿಗೆ ಏನು ತಿದ್ದಬೇಕು ಅಂತ ನಾನು ಬರೆದು ಕಳಿಸಬೇಕಿತ್ತು.

‘ಹೊಳಪು ಕಡಿಮೆ ಮಾಡಿ’ ಅಂತ ಒಂದೇ ಸಾಲು ಬರೆದರೆ, ಸಾಮಾನ್ಯವಾಗಿ ಬೆಳ್ಳಗಿರುವ ಜಾಗಗಳನ್ನು ಎಡಿಟಿಂಗ್‌ನಲ್ಲಿ ಮಂದ ಮಾಡಿ ವಾಪಸ್ ಕಳಿಸುತ್ತಾರೆ. ಆಗ ಪ್ಲಾಸ್ಟಿಕ್ ಹೋಗಿ ರಬ್ಬರ್ ಬರುತ್ತದೆ, ಅಷ್ಟೇ. ಹಾಗಾಗಿ ಬರೆಯುವ ಮೊದಲು ತೊಂದರೆ ಎಲ್ಲಿದೆ ಅಂತ ನೋಡಿಕೊಂಡೆ. ಚಿತ್ರವನ್ನು ಕಪ್ಪು-ಬಿಳುಪು ಮಾಡಿ, 100% ಅಳತೆಗೆ ಹಿಗ್ಗಿಸಿದೆ. ಬಣ್ಣ ಹೋದ ಮೇಲೆ ಬೆಳಕು ಮಾತ್ರ ಉಳಿಯುತ್ತದೆ, ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಚರ್ಮ, ಹಿತ್ತಾಳೆಯ ಬಕಲ್, ಹೊಲಿಗೆಯ ದಾರ ಮೂರರ ಮೇಲೂ ಹೊಳಪು ಒಂದೇ ಥರ ಇತ್ತು. ಪ್ಲಾಸ್ಟಿಕ್ ಅನ್ನಿಸಿದ್ದು ಅದಕ್ಕೇ. ನಿಜವಾದ ವಸ್ತುಗಳಲ್ಲಿ ಹಾಗಾಗುವುದಿಲ್ಲ. ನಯವಾದ ಹಿತ್ತಾಳೆಯಲ್ಲಿ ಹೊಳಪು ಚಿಕ್ಕದಾಗಿ, ಅಂಚು ಚೂಪಾಗಿ ಬೀಳುತ್ತದೆ. ಚರ್ಮದ ಮೇಲೆ ಬೆಳಕು ಸಣ್ಣ ಸಣ್ಣ ರಂಧ್ರ, ಗೆರೆಗಳಿಗೆ ಸಿಕ್ಕಿ ಒಡೆದುಹೋಗುತ್ತದೆ. ದಾರಕ್ಕೆ ಹೊಳಪು ಹೆಚ್ಚೂ ಕಡಿಮೆ ಇಲ್ಲವೇ ಇಲ್ಲ.

ಇನ್ನೊಂದು ವಿಷಯ, ನೆರಳು. ಬೆಳಕು ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುತ್ತಿತ್ತು. ಬ್ಯಾಗಿನ ಬುಡದಲ್ಲಿ, ಮೇಜಿಗೆ ತಾಗುವ ಕಡೆ, ಗಾಢ ನೆರಳೇ ಇರಲಿಲ್ಲ. ಮೇಲ್ಮೈಯ ಒರಟುತನ ಕಣ್ಣಿಗೆ ಕಾಣುವುದೇ ಸಣ್ಣ ಸಣ್ಣ ನೆರಳುಗಳಿಂದ, ಅಲ್ವಾ? ಅದಿಲ್ಲದಿದ್ದರೆ ಯಾವ ಚರ್ಮವೂ ನುಣ್ಣಗೆ ಕಾಣುತ್ತದೆ.

ಕೊನೆಗೆ ಹೀಗೆ ಬರೆದೆ: ‘ಚೌಕಟ್ಟು, ಆಕಾರ ಹಾಗೇ ಇರಲಿ, ಮುಟ್ಟಬೇಡಿ. ಎಡಗಡೆಯಿಂದ ಒಂದೇ ಬೆಳಕು, ಚರ್ಮದ ಮೇಲೆ ಓರೆಯಾಗಿ ಬೀಳಲಿ. ಬಲಗಡೆ ಕತ್ತಲಾದರೂ ಪರವಾಗಿಲ್ಲ. ಹೊಳಪು ಬಕಲ್‌ನಲ್ಲಿ ಉಳಿಯಲಿ. ಮುಚ್ಚಳದ ಮೇಲಿರುವ ಅಗಲವಾದ ಬಿಳಿ ಪಟ್ಟಿ ಒಡೆದು, ಅದರೊಳಗೆ ಚರ್ಮದ ರಂಧ್ರಗಳು ಕಾಣಬೇಕು. ಬುಡದಲ್ಲಿ ನೆರಳು ಬರಲಿ.’ ಜೊತೆಗೆ ಅದೇ ಬ್ಯಾಗನ್ನು ಕಿಟಕಿಯ ಪಕ್ಕ ಇಟ್ಟು ಫೋನಿನಲ್ಲಿ ತೆಗೆದ ಫೋಟೋ ಕಳಿಸಿದೆ. ಆ ಒಂದು ಫೋಟೋ ನನ್ನ ಮಾತಿಗಿಂತ ಜಾಸ್ತಿ ಕೆಲಸ ಮಾಡಿತು.

ಮುಂದಿನದನ್ನು ಚಿತ್ರ ಮಾಡಿದವರ ಜೊತೆ ಕೂತು ನೋಡಿದೆ. ಅವರ ಪ್ರಾಂಪ್ಟ್‌ನಲ್ಲಿ `hyperrealistic`, `8k`, `octane render` ಎಂಬ ಪದಗಳಿದ್ದವು. ಇಂಥ ಪದಗಳು ಚಿತ್ರವನ್ನು ಫೋಟೋ ಕಡೆಗಲ್ಲ, ಕಂಪ್ಯೂಟರ್‌ನಲ್ಲಿ ರೆಂಡರ್ ಮಾಡಿದ ಚಿತ್ರಗಳ ಕಡೆಗೆ ಎಳೆಯುತ್ತವೆ. ಅವನ್ನು ತೆಗೆದು, ವಸ್ತು ಮತ್ತು ಬೆಳಕು ಎರಡನ್ನೇ ಹೇಳಿದೆವು:

```
brown vegetable-tanned leather bag, dry matte surface,
visible pores, brass buckle, single window light
from the left, dark shadow under the bag
```

ಬಳಸುತ್ತಿದ್ದ ಮಾಡೆಲ್ SDXL. ಅದರಲ್ಲಿ CFG ಎಂಬ ಸೆಟ್ಟಿಂಗ್ 7 ಇತ್ತು, 4.5ಕ್ಕೆ ಇಳಿಸಿದೆವು. ಈ ಸಂಖ್ಯೆ ಜಾಸ್ತಿಯಾದಷ್ಟೂ ಚಿತ್ರ ಪ್ರಾಂಪ್ಟ್‌ಗೆ ಅಂಟಿಕೊಳ್ಳುತ್ತದೆ, ಆದರೆ ಬಣ್ಣ ಮತ್ತು ಕಾಂಟ್ರಾಸ್ಟ್ ಗಡುಸಾಗುತ್ತವೆ. ಆಮೇಲೆ ಹಳೆಯ ಚಿತ್ರವನ್ನೇ ಇಟ್ಟುಕೊಂಡು, ಚರ್ಮದ ಭಾಗಕ್ಕೆ ಮಾತ್ರ ಮಾಸ್ಕ್ ಹಾಕಿ, ಅಷ್ಟನ್ನೇ ಎಐ ಮತ್ತೆ ಬಿಡಿಸುವಂತೆ ಇನ್‌ಪೇಂಟ್ ಮಾಡಿದೆವು. ಹಳೆಯದನ್ನು ಎಷ್ಟು ಬದಲಿಸಬೇಕು ಅಂತ ಹೇಳುವ ಡಿನಾಯ್ಸ್ 0.35ರಲ್ಲಿ ರಂಧ್ರಗಳು ಬಂದವು, ಹೊಲಿಗೆ ಕದಲಲಿಲ್ಲ. 0.6ಕ್ಕೆ ಏರಿಸಿದಾಗ ಚರ್ಮ ಇನ್ನೂ ಚೆನ್ನಾಗಿ ಕಂಡಿತು, ಆದರೆ ಜೇಬಿನ ಅಂಚು ಬೇರೆ ಆಕಾರಕ್ಕೆ ಹೋಯಿತು. ಗ್ರಾಹಕರಿಗೆ ಮಾರುವ ವಸ್ತುವಿನ ಚಿತ್ರ ಅದು, ಅಂಚು ಬದಲಾದರೆ ಸುಳ್ಳು ಹೇಳಿದಂತೆ. ಹಾಗಾಗಿ 0.35ರದ್ದನ್ನೇ ಉಳಿಸಿಕೊಂಡೆವು. ಆದರೆ ಇಷ್ಟು ಕಡಿಮೆ ಡಿನಾಯ್ಸ್‌ನಲ್ಲಿ ಬೆಳಕಿನ ದಿಕ್ಕು ಬದಲಾಗುವುದಿಲ್ಲ. ಬಲಗಡೆಯ ಕತ್ತಲು, ಬುಡದ ನೆರಳು ಎರಡನ್ನೂ ಫೋಟೋಶಾಪ್‌ನಲ್ಲಿ ಬ್ರಷ್ ಹಿಡಿದು ಹಾಕಿ, ಅದರ ಮೇಲೆ ಇನ್‌ಪೇಂಟ್ ಮಾಡಬೇಕಾಯಿತು.

ಇಷ್ಟಾದ ಮೇಲೂ ದೊಡ್ಡ ಅಳತೆಯ ಫೈಲ್ ಬಂದಾಗ ಚರ್ಮ ಮತ್ತೆ ನುಣ್ಣಗಾಗಿತ್ತು. ಕಾರಣ, ಚಿತ್ರವನ್ನು ದೊಡ್ಡದು ಮಾಡುವ ಅಪ್‌ಸ್ಕೇಲರ್. ಕೆಲವು ಅಪ್‌ಸ್ಕೇಲರ್‌ಗಳು ಸಣ್ಣ ರಂಧ್ರಗಳನ್ನು ನಾಯ್ಸ್ ಎಂದುಕೊಂಡು ಒರೆಸಿಬಿಡುತ್ತವೆ. ಬೇರೆ ಅಪ್‌ಸ್ಕೇಲರ್ ಹಾಕಿ, ಕೊನೆಯಲ್ಲಿ ಇಡೀ ಚಿತ್ರಕ್ಕೆ ತೆಳುವಾಗಿ ಗ್ರೇನ್, ಅಂದರೆ ಫೋಟೋದಲ್ಲಿರುವಂಥ ಸಣ್ಣ ಕಣಗಳನ್ನು, ಸೇರಿಸಿದೆವು. ಗ್ರೇನ್ ಮೊದಲೇ ಹಾಕಿದರೆ ಅದೂ ಒರೆಸಿಹೋಗುತ್ತದೆ.

ಬ್ಯಾಗ್ ನಿಜವಾಗಿಯೂ ಪಾಲಿಶ್ ಮಾಡಿದ ಚರ್ಮದ್ದಾಗಿದ್ದರೆ ಇದೇ ಟಿಪ್ಪಣಿ ಕೊಡುತ್ತಿರಲಿಲ್ಲ. ಅಲ್ಲಿ ಹೊಳಪು ಇರಲೇಬೇಕು. ಆ ಹೊಳಪಿನೊಳಗೆ ಕಿಟಕಿಯೋ ಮೇಜೋ ಪ್ರತಿಬಿಂಬವಾಗಿ ಕಾಣಲಿ ಅಂತ ಬರೆಯುತ್ತಿದ್ದೆ.