ಬೆಳಗಿನ ನಾಡಿ ಏರಿದರೆ ನಾನು ಮೊದಲು ಮಾಡುವುದು

ಬದಿಯಡ್ಕದ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. 800, 1500, 3000 ಮೀಟರ್ ಓಡುವ ಮಕ್ಕಳನ್ನು ಉಪಜಿಲ್ಲಾ ಕ್ರೀಡಾಕೂಟಕ್ಕೆ ತಯಾರು ಮಾಡುತ್ತೇನೆ. ನನ್ನ ಗುಂಪಿನ ಪ್ರತಿಯೊಬ್ಬರ ಹತ್ತಿರವೂ ಒಂದು ನಾಡಿ ಪುಸ್ತಕ ಇರುತ್ತದೆ. ತಾರೀಕು, ಬೆಳಗಿನ ನಾಡಿ, ರಾತ್ರಿ ನಿದ್ದೆ ಹೇಗಿತ್ತು, ನಿನ್ನೆ ಎಷ್ಟು ಓಡಿದೆ, ಇಷ್ಟೇ ಅದರಲ್ಲಿ ಬರೆಯುವುದು.

ಎಣಿಸುವ ಕ್ರಮ ಒಂದೇ ಇರಬೇಕು, ಇಲ್ಲದಿದ್ದರೆ ಅಂಕಿಗೆ ಬೆಲೆ ಇಲ್ಲ. ಎಚ್ಚರ ಆದ ಮೇಲೆ ಒಂದೆರಡು ನಿಮಿಷ ಸುಮ್ನೆ ಮಲಗಿರಬೇಕು, ಯಾಕಂದ್ರೆ ಅಲಾರಾಂ ಸದ್ದಿಗೆ ಬೆಚ್ಚಿ ಎದ್ದರೆ ನಾಡಿ ಜಾಸ್ತಿ ಇರುತ್ತದೆ. ಹಾಸಿಗೆ ಬಿಡುವ ಮೊದಲು, ಚಹಾ ಕುಡಿಯುವ ಮೊದಲು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹೆಬ್ಬೆರಳಿನಲ್ಲೇ ಹಿಡಿದು ನೋಡಬಾರದು, ಅದರದ್ದೇ ಬಡಿತ ಬೆರಳಿಗೆ ಸಿಕ್ಕಿ ಲೆಕ್ಕ ತಪ್ಪುತ್ತದೆ. ಆರಾಮಾಗಿರುವ ಎರಡು ವಾರದ ಅಂಕಿಗಳನ್ನು ನೋಡಿ ಆ ಮಗುವಿನ ಮಾಮೂಲಿ ನಾಡಿ ಎಷ್ಟು ಅಂತ ನಾನು ಗುರುತು ಹಾಕಿಕೊಳ್ಳುತ್ತೇನೆ. ದಿನದಿಂದ ದಿನಕ್ಕೆ ಮೂರು ನಾಲ್ಕು ಬಡಿತ ಹೆಚ್ಚು ಕಮ್ಮಿ ಆಗುವುದು ಸಹಜ. ದೊಡ್ಡ ಹುಡುಗಿಯರಲ್ಲಿ ಮುಟ್ಟಿಗೆ ಮುಂಚಿನ ಒಂದೆರಡು ವಾರ ಎರಡು ಮೂರು ಬಡಿತ ಜಾಸ್ತಿ ಇರಬಹುದು, ಅದನ್ನು ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಬೇಕು. ಎರಡು ದಿನ ಸತತವಾಗಿ ಐದಕ್ಕಿಂತ ಹೆಚ್ಚು ಏರಿದ್ದರೆ ಮಾತ್ರ ನಾನು ತಲೆ ಕೆಡಿಸಿಕೊಳ್ಳುವುದು.

ಏರಿದ್ದು ಗೊತ್ತಾಯಿತು, ಸರಿ. ಅದು ಓಟದ ದಣಿವೋ, ಒಳಗೆ ಶುರುವಾದ ಸೋಂಕೋ ಅಂತ ತಿಳಿಯುವುದು ಹೇಗೆ? ಒಂದು ಸಲ ಓಣಂ ರಜೆ ಮುಗಿದ ವಾರ ಇಬ್ಬರು ಮಕ್ಕಳ ಪುಸ್ತಕದಲ್ಲಿ ಒಟ್ಟಿಗೇ ಏರಿಕೆ ಕಂಡಿತು.

ಒಬ್ಬಳು 1500 ಮೀಟರ್ ಓಡುವ ಹುಡುಗಿ, ಮಾಮೂಲಿ ನಾಡಿ 64. ರಜೆಯ ಕೊನೆಯ ವಾರದ ಅಂಕಿಗಳು ಹೀಗಿದ್ದವು: 64, 65, 67, 66, 69, 70, 72. ನಾನು ಕೊಟ್ಟದ್ದು ಬೆಳಗಿನ ಓಟ ಮಾತ್ರ, ಅವಳು ಸಂಜೆಯೂ ಗುಡ್ಡದ ರಸ್ತೆಯಲ್ಲಿ ಓಡಿದ್ದಳು. ನಿದ್ದೆಯ ಸಾಲಿನಲ್ಲಿ 'ಮಧ್ಯರಾತ್ರಿ ಎಚ್ಚರ' ಅಂತ ಮೂರು ನಾಲ್ಕು ಕಡೆ ಬರೆದಿತ್ತು. ಇನ್ನೊಬ್ಬ ಹತ್ತನೇ ತರಗತಿಯ ಹುಡುಗ, ಮಾಮೂಲಿ ನಾಡಿ 58. ಅವನದ್ದು ಸೋಮವಾರ 59 ಇತ್ತು. ಮಂಗಳವಾರ ಒಂದೇ ಏಟಿಗೆ 67, ಬುಧವಾರ 69.

ಈ ಎರಡು ಏರಿಕೆಗಳ ರೀತಿಯೇ ಬೇರೆ. ದಣಿವಿನದ್ದು ಸಾಮಾನ್ಯವಾಗಿ ನಿಧಾನವಾಗಿ ಮೇಲೆ ಹೋಗುತ್ತದೆ. ಓಡಿದ ಮೇಲೆ ದೇಹ ಚೇತರಿಸಿಕೊಳ್ಳಲು ಸಮಯ ಸಿಗದೇ ಹೋದರೆ ಹೃದಯವನ್ನು ಚುರುಕು ಮಾಡುವ ನರಗಳು ರಾತ್ರಿಯೂ ಪೂರ್ತಿ ಶಾಂತ ಆಗುವುದಿಲ್ಲ. ನಿದ್ದೆ ಕೆಡುವುದೂ ಅದರಿಂದಲೇ. ಸೋಂಕಿನದ್ದು ಹೆಚ್ಚಾಗಿ ಒಂದು ರಾತ್ರಿಯಲ್ಲಿ ಜಿಗಿಯುತ್ತದೆ. ರೋಗದ ವಿರುದ್ಧ ದೇಹ ಕೆಲಸ ಶುರು ಮಾಡಿದಾಗ ನಾಡಿ ಏರುತ್ತದೆ, ಕೆಲವು ಸಲ ಮೈ ಬಿಸಿಯಾಗುವ ಮೊದಲೇ. ಜ್ವರ ಬಂದ ಮೇಲೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಹತ್ತು ಬಡಿತದಂತೆ ಇನ್ನೂ ಏರುತ್ತದೆ.

ಆದರೆ ರೀತಿ ನೋಡಿ ಮಾತ್ರ ತೀರ್ಮಾನ ಮಾಡುವ ಧೈರ್ಯ ನನಗಿಲ್ಲ. ಮಲಗಿ ಒಮ್ಮೆ, ಎದ್ದು ನಿಂತು ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸುವ ಪರೀಕ್ಷೆಯೂ ಉಂಟು. ಹುಡುಗಿಗೆ ಎರಡರ ನಡುವಿನ ವ್ಯತ್ಯಾಸ ಮಾಮೂಲಿಗಿಂತ ತುಂಬ ಹೆಚ್ಚಿತ್ತು. ಏನೋ ಸರಿ ಇಲ್ಲ ಅಂತ ಅದು ಹೇಳುತ್ತದೆ, ಏನು ಅಂತ ಹೇಳುವುದಿಲ್ಲ. ನೀರು ಕಮ್ಮಿ ಕುಡಿದಿದ್ದರೂ ಅದು ಹಾಗೇ ಏರುತ್ತದೆ.

ಹಾಗಾಗಿ ನನ್ನ ಮುಖ್ಯ ಪರೀಕ್ಷೆ ವಿಶ್ರಾಂತಿಯೇ. ಬುಧವಾರ ಇಬ್ಬರಿಗೂ ಎರಡು ದಿನ ಓಟ ಬೇಡ ಅಂದೆ. ಚೆನ್ನಾಗಿ ನೀರು, ಗಂಜಿ, ಬೇಗ ನಿದ್ದೆ. ಬೆಳಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ನೋಡಬೇಕು. ದಣಿವಾದರೆ ವಿಶ್ರಾಂತಿಗೆ ನಾಡಿ ಇಳಿಯಬೇಕು. ಸೋಂಕಾದರೆ ಮಲಗಿದ್ದರೂ ನಾಡಿ ಇಳಿಯದೆ ಇನ್ನೂ ಏರಬಹುದು.

ಹುಡುಗಿಯದ್ದು ಗುರುವಾರ 69, ಶುಕ್ರವಾರ 66. ಜ್ವರ ಇಲ್ಲ. ಅವಳಿಗೆ ಸಂಜೆಯ ಓಟ ನಿಲ್ಲಿಸಿ, ಒಂದು ವಾರ ಮಾತಾಡಿಕೊಂಡು ಓಡುವಷ್ಟು ನಿಧಾನದ ಓಟ ಮಾತ್ರ ಕೊಟ್ಟೆ. ಎರಡೇ ದಿನದಲ್ಲಿ ಇಳಿಯಿತು ಅಂದರೆ ಇದು ದಣಿವಿನ ಮೊದಲ ಹಂತ. ತಿಂಗಳುಗಟ್ಟಲೆ ಎಳೆದ ಅತಿ ತರಬೇತಿ ಇಷ್ಟು ಸುಲಭಕ್ಕೆ ಬಿಡುವುದಿಲ್ಲ. ಅದರಲ್ಲಿ ನಾಡಿ ಏರದೆಯೂ ಇರಬಹುದು, ಮಾಮೂಲಿಗಿಂತ ಇಳಿಯಲೂಬಹುದು. ಅಲ್ಲಿ ಓಟದ ಸಮಯ ಹಾಳಾಗುವುದು, ಮಗು ಮಂಕಾಗುವುದು ನಾಡಿಗಿಂತ ಒಳ್ಳೆಯ ಗುರುತು. ಇನ್ನೊಂದು ಮಾತು: ನಾಲ್ಕೈದು ದಿನ ವಿಶ್ರಾಂತಿ ಕೊಟ್ಟರೂ ಇಳಿಯದೆ, ಜ್ವರವೂ ಬಾರದೆ ಇದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ರಕ್ತ ಕಮ್ಮಿ ಇರುವ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಹುಡುಗನದ್ದು ಗುರುವಾರ ಬೆಳಗ್ಗೆ 73. ಸಂಜೆ ಅವನ ಅಮ್ಮ ಫೋನ್ ಮಾಡಿದರು. "ಟೀಚರೇ, ಚಳಿ ಅಂತ ಹೊದ್ದು ಮಲಗಿದ್ದಾನೆ, 101 ಉಂಟು. ಮೀನಖಂಡ ಮುಟ್ಟಲಿಕ್ಕೆ ಬಿಡುವುದಿಲ್ಲ. ಓಡಿದ ನೋವು ಅಂತ ಎಣ್ಣೆ ಹಚ್ಚಿದೆ."

ಓಡಿದ ನೋವು ಅಂದದ್ದೇ ನನಗೆ ಸರಿ ಕಾಣಲಿಲ್ಲ. ಓಟ ನಿಂತ ಮೇಲೂ ಆ ನೋವು ಒಂದೆರಡು ದಿನ ಜಾಸ್ತಿ ಆಗಬಹುದು, ಆದರೆ ಅದಕ್ಕೆ ಚಳಿ ಜ್ವರ ಬರುವುದಿಲ್ಲ. ಕಣ್ಣು ಹೇಗಿದೆ ಕೇಳಿದೆ. ಕೆಂಪಾಗಿದೆ ಅಂದರು. ರಜೆಯಲ್ಲಿ ತೋಟದ ಕೆಲಸ ಮಾಡಿದ್ದನಾ ಅಂತ ಕೇಳಿದಾಗ ವಿಷಯ ಹೊರಗೆ ಬಂತು. ಮಳೆಗೆ ಅಡಿಕೆ ತೋಟದ ಕಣಿಯಲ್ಲಿ ಕಸ ಕಟ್ಟಿತ್ತು. ಅಪ್ಪನ ಜೊತೆ ಇವನೂ ಬರಿಗಾಲಲ್ಲಿ ನೀರಿಗಿಳಿದು ತೆಗೆದಿದ್ದ. ಕಾಲಿನಲ್ಲಿ ಗಾಯ ಬೇರೆ ಇತ್ತು.

ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದ ಒಳಗೆ ಅದು ಕಾಣಿಸಿಕೊಳ್ಳುತ್ತದೆ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಮೂರೂ ಸೇರಿದರೆ ಕಾಯಬಾರದು. ಈಗಲೇ ಆಸ್ಪತ್ರೆಗೆ ಹೋಗಿ, ಕಣಿಗೆ ಇಳಿದದ್ದನ್ನು ನೀವಾಗಿಯೇ ಹೇಳಿ ಅಂದೆ. ಡಾಕ್ಟರರು ರಕ್ತ ತೆಗೆದು, ರಿಪೋರ್ಟ್‌ಗೆ ಕಾಯದೆ ಆಂಟಿಬಯಾಟಿಕ್ ಶುರು ಮಾಡಿದರು. ಈ ಮದ್ದು ಬೇಗ ಕೊಟ್ಟಷ್ಟು ಒಳ್ಳೆಯದು. ತಡವಾದರೆ ಕಿಡ್ನಿ, ಲಿವರ್‌ಗೆ ಏಟು ಬೀಳಬಹುದು. ಆಮೇಲೆ ಬಂದ ರಿಪೋರ್ಟೂ ಇಲಿಜ್ವರ ಅಂತಲೇ ಹೇಳಿತು.

ಇಲಿಜ್ವರ ಅಂತ ನಾಡಿ ಹೇಳಲಿಲ್ಲ, ನೆನಪಿಡಿ. ಸಾದಾ ಶೀತಕ್ಕೂ ಅಷ್ಟೇ ಏರಬಹುದಿತ್ತು. ಥರ್ಮಾಮೀಟರ್ ಇಡಿ, ಮೈಯ ಬೇರೆ ಗುರುತು ನೋಡಿ ಅಂತ ಎಚ್ಚರಿಸಿತು, ಅಷ್ಟೇ. ಕೆಲವು ಸಲ ಅಷ್ಟೂ ಮಾಡುವುದಿಲ್ಲ. ಟೈಫಾಯಿಡ್‌ನಲ್ಲಿ ಜ್ವರ ಜೋರಾಗಿದ್ದರೂ ನಾಡಿ ಅದಕ್ಕೆ ತಕ್ಕಷ್ಟು ಏರದೆ ಇರುವುದುಂಟು. ಹಾಗಾಗಿ ಜ್ವರ ಇದ್ದ ಮಗುವನ್ನು ನಾಡಿ ಸರಿ ಇದೆ ಅಂತ ನಾನು ಓಡಿಸುವುದಿಲ್ಲ. ಡೆಂಗ್ಯೂ ಇದ್ದಾಗ ಜ್ವರ ಇಳಿಯುವ ಹೊತ್ತೇ ಹೆಚ್ಚು ಅಪಾಯದ್ದು. ಮೈ ತಣ್ಣಗಾಗಿ, ನಾಡಿ ಸಣ್ಣದಾಗಿ ಓಡುತ್ತಿದ್ದರೆ, ಜೊತೆಗೆ ಹೊಟ್ಟೆನೋವು, ವಾಂತಿ, ತೀರಾ ಸುಸ್ತು ಇದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಜ್ವರ ಬಿಟ್ಟ ಮೇಲೂ ಹುಡುಗನ ನಾಡಿ ಸುಮಾರು ದಿನ ಎಪ್ಪತ್ತರ ಹತ್ತಿರವೇ ಇತ್ತು. ಕ್ರೀಡಾಕೂಟ ಹತ್ತಿರ ಬಂತು ಅಂತ ಅವನಿಗೆ ಅವಸರ, ನಾನು ಬಿಡಲಿಲ್ಲ. ಸೋಂಕು ಕೆಲವರಲ್ಲಿ ಹೃದಯದ ಸ್ನಾಯುವಿಗೂ ತಾಗುತ್ತದೆ, ಆ ಸ್ಥಿತಿಯಲ್ಲಿ ಜೋರಾಗಿ ಓಡಿದರೆ ಜೀವಕ್ಕೇ ಅಪಾಯ. ಎದೆನೋವು, ಮೆಟ್ಟಿಲು ಹತ್ತಿದರೆ ಉಬ್ಬಸ, ಎದೆ ಡವಡವ ಅಂತ ಯಾವುದೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಡಾಕ್ಟರರ ಒಪ್ಪಿಗೆ ಪಡೆದು, ಬೆಳಗಿನ ಅಂಕಿ ಮತ್ತೆ ಅರುವತ್ತರ ಆಸುಪಾಸಿನಲ್ಲಿ ಒಂದು ವಾರ ನಿಂತ ಮೇಲೆ ನಡಿಗೆಯಿಂದ ಶುರು ಮಾಡಿಸಿದೆ. ಆ ವರ್ಷದ 3000 ಮೀಟರ್ ಅವನಿಗೆ ತಪ್ಪಿತು. ತೋಟಕ್ಕೆ ಇಳಿಯುವಾಗ ಈಗ ಗಂಬೂಟ್ ಹಾಕುತ್ತಾನೆ.