ಹೃದಯದ ಎರಡನೇ ಶಬ್ದ ಒಡೆದಿದೆಯೋ, ಅದು ಮೂರನೇ ಶಬ್ದವೋ?

ಸ್ಟೆತಸ್ಕೋಪ್ ಇಟ್ಟ ಕೂಡಲೇ ಎರಡನ್ನೂ ಹುಡುಕಬೇಡಿ. ಮೊದಲು ಕುತ್ತಿಗೆಯ ಕೆರೋಟಿಡ್ ನಾಡಿಯ ಮೇಲೆ ಬೆರಳಿಡಿ. ಬಡಿತದ ಜೊತೆಗೇ ಕೇಳುವುದು ಮೊದಲ ಶಬ್ದ, ಆಮೇಲಿನದು ಎರಡನೆಯದು. ಮಣಿಕಟ್ಟಿನ ನಾಡಿ ನಂಬಬೇಡಿ, ಅದು ಸ್ವಲ್ಪ ತಡ.

ಈಗ ರೋಗಿಯನ್ನು ಕೂರಿಸಿ, ಎಡಗಡೆ ಎರಡನೇ ಪಕ್ಕೆಲುಬಿನ ಸಂದಿಯಲ್ಲಿ ಎದೆಮೂಳೆಯ ಅಂಚಿಗೆ ಸ್ಟೆತಸ್ಕೋಪಿನ ಚಪ್ಪಟೆ ಮುಖ, ಅಂದರೆ ಡಯಾಫ್ರಾಮ್, ಒತ್ತಿ ಇಡಿ. ಉಸಿರು ಹಿಡಿಯಲು ಹೇಳಬೇಡಿ, ನಾನು ವರ್ಷಗಟ್ಟಲೆ ಮಾಡಿದ ತಪ್ಪು ಅದೇ. ಸುಮ್ನೆ ಉಸಿರಾಡಲಿ. ಉಸಿರು ಎಳೆದಾಗ ಬಲ ಕುಹರಕ್ಕೆ ರಕ್ತ ಜಾಸ್ತಿ ಬರುತ್ತದೆ, ಪಲ್ಮನರಿ ಕವಾಟ ತಡವಾಗಿ ಮುಚ್ಚುತ್ತದೆ. ಹಾಗಾಗಿ 'ಡಪ್' ಅನ್ನುವುದು 'ಡ್ರಪ್' ಅನ್ನಿಸುತ್ತದೆ. ಉಸಿರು ಬಿಟ್ಟಾಗ ಮತ್ತೆ ಒಂದಾಗುತ್ತದೆ.

ಒಮ್ಮೆ ಒಬ್ಬ ಯುವತಿಯಲ್ಲಿ ಎಳೆದರೂ ಬಿಟ್ಟರೂ ಅದೇ 'ಡ್ರಪ್', ಅಂತರ ಬದಲಾಗಲೇ ಇಲ್ಲ. ಎಕೋದಲ್ಲಿ ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ರಂಧ್ರ ಕಂಡಿತು. ಉಸಿರು ಬಿಟ್ಟಾಗಲೇ ಒಡಕು ಅಗಲವಾದರೆ ಇಸಿಜಿಯಲ್ಲಿ ಎಡ ಬಂಡಲ್ ಬ್ರಾಂಚ್ ಬ್ಲಾಕ್, ಅಂದರೆ ಎಡ ಕುಹರಕ್ಕೆ ವಿದ್ಯುತ್ ಸಂಕೇತ ತಡವಾಗುವ ತೊಂದರೆ, ಇದೆಯಾ ನೋಡಿ.

ಮೂರನೇ ಶಬ್ದ ಬೇರೆ ಜಾತಿ. ಮಂದ್ರ, ಮಂಕು, ಹೆಚ್ಚಾಗಿ ಹೃದಯದ ತುದಿಯಲ್ಲಿ. ರೋಗಿಯನ್ನು ಎಡಕ್ಕೆ ಹೊರಳಿಸಿ, ಸ್ಟೆತಸ್ಕೋಪಿನ ಬಟ್ಟಲಿನಂಥ ಮುಖ, ಅಂದರೆ ಬೆಲ್ ಅನ್ನು ಚರ್ಮಕ್ಕೆ ತಾಗಿಯೂ ತಾಗದ ಹಾಗೆ ಇಡಿ. ಗಟ್ಟಿಯಾಗಿ ಒತ್ತಿದರೆ ಬೆಲ್ಲೇ ಡಯಾಫ್ರಾಮ್ ಥರ ಆಗಿ ಶಬ್ದ ಮಾಯ. ಒತ್ತಿದಾಗಲೂ ಚೆನ್ನಾಗಿ ಕೇಳುತ್ತಿದೆ ಅಂದ್ರೆ ಅದು ಬಹುಶಃ ಮೂರನೆಯದಲ್ಲ. ಚಿಕ್ಕವರಲ್ಲಿ ಇದು ಸಹಜವೂ ಇರಬಹುದು. 60 ದಾಟಿದವರಲ್ಲಿ ಕೇಳಿದರೆ ಕುತ್ತಿಗೆಯ ರಕ್ತನಾಳ ಉಬ್ಬಿದೆಯಾ ನೋಡಿ.