ಫೋಟೋದಲ್ಲಿ ಸೊಪ್ಪು: ಬಾಡಿದೆಯೋ, ಕೊಳೆತಿದೆಯೋ?

ಮನೆಯ ಮಕ್ಕಳು ಈಗ ಸೊಪ್ಪಿನ ಫೋಟೋ ಕಳಿಸಿ ‘ಇದು ಅಡುಗೆಗೆ ಆಗುತ್ತಾ?’ ಅಂತ ಕೇಳುತ್ತಾರೆ. ಕಟ್ಟನ್ನು ಬಿಚ್ಚದೆ ಮೇಲಿನಿಂದ ತೆಗೆದ ಫೋಟೋ ಆದರೆ ನಾನು ಉತ್ತರ ಹೇಳುವುದಿಲ್ಲ. ಸೊಪ್ಪು ಸಾಮಾನ್ಯವಾಗಿ ಕೊಳೆಯಲು ಶುರುವಾಗುವುದೇ ಒಳಗೆ, ದಾರ ಬಿಗಿದ ಜಾಗದಲ್ಲಿ. ಅಲ್ಲಿ ಎಲೆ ಜಜ್ಜಿರುತ್ತದೆ, ತೇವ ಆರುವುದಿಲ್ಲ.

ಮೊದಲು ದಾರ ಬಿಚ್ಚಿ, ಸೊಪ್ಪನ್ನು ಬಿಳಿ ಹಾಳೆಯ ಮೇಲೆ ಹರಡಿ. ಹಗಲಲ್ಲಿ ಕಿಟಕಿ ಪಕ್ಕ, ಫ್ಲಾಶ್ ಹಾಕದೆ ಫೋಟೋ ತೆಗೆಯಿರಿ. ಹಳದಿ ಬಲ್ಬಿನ ಕೆಳಗೆ ಒಳ್ಳೆಯ ಎಲೆಯೂ ಹಣ್ಣಾದಂತೆ ಕಾಣುತ್ತದೆ. ಫೋಟೋದಲ್ಲಿ ಹಾಳೆಯೇ ಹಳದಿಯಾಗಿದ್ದರೆ ಎಲೆಯ ಬಣ್ಣವನ್ನು ನಂಬಬೇಡಿ.

ಮೊನ್ನೆ ಸೊಸೆ ಕಳಿಸಿದ ಪಾಲಕ್ ಫೋಟೋ ಹೀಗಿತ್ತು. ಹೆಚ್ಚಿನ ಎಲೆಗಳು ಜೋತು ಬಿದ್ದಿದ್ದವು, ಆದರೆ ಬಣ್ಣ ಒಂದೇ ಸಮ ಹಸಿರು, ಅಂಚು ಒಣಗಿರಲಿಲ್ಲ. ಅದು ಬರೀ ನೀರು ಕಳೆದುಕೊಂಡು ಬಾಡಿದ್ದು. ತಣ್ಣೀರಲ್ಲಿ ಅರ್ಧ ಗಂಟೆ ಬಿಟ್ಟರೆ ಇಂಥ ಎಲೆ ಬಹುಪಾಲು ಚೇತರಿಸಿಕೊಳ್ಳುತ್ತದೆ. ಕೆಳಗಿನ ಎರಡು ಎಲೆ ಹಳದಿಯಾಗಿದ್ದವು. ಅವು ಬಲಿತು ಹಣ್ಣಾದವು, ಕಿತ್ತು ಹಾಕಿದರೆ ಸಾಕು.

ನನಗೆ ಅನುಮಾನ ಬಂದಿದ್ದು ನಡುವಿನ ಮೂರು ಎಲೆಗಳ ಮೇಲೆ. ಒಂದಕ್ಕೊಂದು ಅಂಟಿಕೊಂಡಿದ್ದವು. ಎಣ್ಣೆ ತಾಗಿದ ಕಾಗದದ ಹಾಗೆ ಕಪ್ಪು ಹಸಿರಾಗಿ, ತೆಳ್ಳಗೆ ಕಾಣುತ್ತಿದ್ದವು, ಮೇಲೆ ಹೊಳಪು ಬೇರೆ. ಎಲೆಯ ಜೀವಕೋಶಗಳ ಗೋಡೆ ಕರಗಿ ಒಳಗಿನ ರಸ ಹೊರಬಂದಾಗ ಹೀಗಾಗುತ್ತದೆ. ಫ್ರಿಜ್ಜಿನ ಹಿಂಬದಿಗೆ ತಾಗಿ ಹೆಪ್ಪುಗಟ್ಟಿ ಕರಗಿದ ಎಲೆಯೂ ಹೀಗೇ ಕಾಣುತ್ತದೆ. ತೊಳೆದ ನೀರಿಗೂ ಹೊಳಪು ಇರುತ್ತದೆ, ಅಲ್ವಾ? ಅದಕ್ಕೇ ಬಟ್ಟೆಯಿಂದ ಮೆತ್ತಗೆ ಒತ್ತಿ, ಐದು ನಿಮಿಷ ಬಿಟ್ಟು ಇನ್ನೊಂದು ಫೋಟೋ ತೆಗೆಯಲು ಹೇಳಿದೆ. ನೀರಾದರೆ ಹೊಳಪು ಹೋಗುತ್ತದೆ, ಲೋಳೆಯಾದರೆ ಉಳಿಯುತ್ತದೆ. ಅವಳ ಎರಡನೇ ಫೋಟೋದಲ್ಲೂ ಹೊಳಪು ಹಾಗೇ ಇತ್ತು. ಮುಟ್ಟಿದಾಗ ಬೆರಳಿಗೆ ಜಾರಿತು ಅಂದಳು. ಆ ಮೂರನ್ನೂ, ಅವಕ್ಕೆ ತಾಗಿಕೊಂಡಿದ್ದ ಎಲೆಗಳನ್ನೂ ಎಸೆಯಲು ಹೇಳಿದೆ. ಉಳಿದದ್ದನ್ನು ತೊಳೆದು ಅವತ್ತೇ ಬೇಯಿಸಿದಳು.

ಲೋಳೆ ಕಟ್ಟಿನ ಅಲ್ಲಲ್ಲಿ ಹರಡಿದ್ದರೆ ಮಾತ್ರ ಆರಿಸುತ್ತಾ ಕೂರಬೇಡಿ, ಪೂರ್ತಿ ಎಸೆದುಬಿಡಿ. ತೊಳೆದರೆ ಲೋಳೆ ಹೋಗಬಹುದು, ಕೊಳೆತದ್ದು ಸರಿಹೋಗುವುದಿಲ್ಲ. ದಂಟು ಕತ್ತರಿಸಿದ ತುದಿ ಕಂದು ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ. ಗಟ್ಟಿಯಾಗಿದ್ದರೆ ಅಷ್ಟು ಮಾತ್ರ ಕತ್ತರಿಸಿ ತೆಗೆಯಿರಿ.

ವಾಸನೆ ಮಾತ್ರ ಫೋಟೋದಲ್ಲಿ ಬರುವುದಿಲ್ಲ. ಫೋಟೋ ಚೆನ್ನಾಗಿದ್ದರೂ ಕಟ್ಟಿನ ನಡುಭಾಗವನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಹುಳಿ ಅಥವಾ ಕೊಳೆತ ವಾಸನೆ ಬಂದರೆ ಮೂಗಿನ ಮಾತನ್ನೇ ಕೇಳಿ.